ಚುಕ್ಕಿ, ಕೊಕ್ಕೆ, ಪ್ರಶ್ನೆ: ಆರನೆಯ ತರಗತಿಗೆ ಒಂದು ಪದ್ಯ

ಲೇಖನ ಚಿಹ್ನೆಗಳನ್ನು ಪದ್ಯದಲ್ಲಿ ಕಲಿಸುವುದು ನಮ್ಮ ಶಾಲೆಗಳಲ್ಲಿ ಹೊಸದಲ್ಲ. ಆದರೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಪದ್ಯಗಳು ಹೇಳುವುದು ಉಸಿರಿನ ಲೆಕ್ಕವನ್ನು: ಪೂರ್ತಿ ನಿಂತರೆ ಪೂರ್ಣವಿರಾಮ, ಸ್ವಲ್ಪ ನಿಂತರೆ ಅಲ್ಪವಿರಾಮ, ದನಿ ಏರಿದರೆ ಪ್ರಶ್ನೆ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತ ನಾನು ಕಂಡುಕೊಂಡದ್ದು ಬೇರೆ. ಕನ್ನಡದಲ್ಲಿ ಚಿಹ್ನೆ ಎಲ್ಲಿ ಬೀಳಬೇಕು ಎಂಬುದನ್ನು ಪದದ ಕೊನೆಯೇ ಹೇಳಿಬಿಡುತ್ತದೆ. ಪದ್ಯ ಮಗುವಿನ ಕಣ್ಣನ್ನು ಅಲ್ಲಿಗೆ ತಿರುಗಿಸಬೇಕು. ಆರನೆಯ ತರಗತಿಗೆಂದು ನಾನು ಕಟ್ಟಿಕೊಂಡ ಪದ್ಯ ಇದು.

‘ಬಂದನು’ ಎಂದರೆ ಮಾತೇ ಮುಗಿಯಿತು,
ಚುಕ್ಕಿಯನಿಟ್ಟರೆ ವಾಕ್ಯವು ನಿಂತಿತು.
‘ಬಂದರೆ’ ಎಂದರೆ ಬಾಕಿಯೆ ಎಲ್ಲ,
ಚುಕ್ಕಿಗೆ ಇನ್ನೂ ಜಾಗವೆ ಇಲ್ಲ.

ಪುಸ್ತಕ, ಪೆನ್ಸಿಲು, ರಬ್ಬರು ಎಂದು
ಸಾಲಲಿ ನಿಂತರೆ ಕೊಕ್ಕೆಯೆ ಬಂಧು.
‘ಅಮ್ಮಾ, ಅಜ್ಜಾ’ ಎನ್ನುತ ಕರೆದೆ,
ಕೊಕ್ಕೆಯ ಹಾಕುತ ಮುಂದಕೆ ಬರೆದೆ.

ಯಾರು, ಏನು, ಎಲ್ಲಿ, ಯಾಕೆ,
ಎಷ್ಟು, ಹೇಗೆ – ಕೇಳಿದಾಗ
ಉತ್ತರಕ್ಕೆ ಕಾದ ಮಾತು,
ಪ್ರಶ್ನೆ ಚಿಹ್ನೆ ಹಾಕು ಬೇಗ.

ಯಾರೋ, ಏನೋ, ಎಲ್ಲೋ ಎಂದು
ಹೇಳಿದ ಮಾತಿಗೆ ಚುಕ್ಕಿಯೆ ಒಂದು.

ಈ ಪದ್ಯವನ್ನು ತರಗತಿಯಲ್ಲಿ ಬಳಸುತ್ತ ಬಂದಂತೆ ಕಲಿತದ್ದನ್ನು ಒಂದೊಂದಾಗಿ ಬರೆಯುತ್ತೇನೆ.

1. ಉಸಿರನ್ನು ನಂಬಿಸಬೇಡಿ, ಕೊನೆಯ ಪದವನ್ನು ತೋರಿಸಿ

‘ಉಸಿರು ನಿಂತಲ್ಲಿ ಚುಕ್ಕಿ’ ಎಂಬ ಮಾತು ನಿರರ್ಗಳವಾಗಿ ಓದುವವರಿಗೆ ಸರಿ. ಆರನೆಯ ತರಗತಿಯ ಅನೇಕ ಮಕ್ಕಳು ಇನ್ನೂ ಪದ ಪದ ಬಿಡಿಸಿ ಓದುತ್ತಿರುತ್ತಾರೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾರೆ, ಉದ್ದ ಪದದ ಮುಂದೆ ನಿಲ್ಲುತ್ತಾರೆ. ಅಂಥ ಮಗುವಿಗೆ ಉಸಿರಿನ ಲೆಕ್ಕ ಹೇಳಿಕೊಟ್ಟರೆ ಅದು ಎಡವಿದಲ್ಲೆಲ್ಲ ಅಲ್ಪವಿರಾಮ ಹಾಕುತ್ತದೆ. ಇನ್ನೊಂದು ಬಗೆಯ ಮಗು ಮಾತಿನಲ್ಲಿ ಬಲು ಚುರುಕು. ಅದು ಒಂದೇ ಉಸಿರಿನಲ್ಲಿ ನಾಲ್ಕು ವಾಕ್ಯ ಹೇಳಿ ಮುಗಿಸುತ್ತದೆ, ಪುಟದ ತುದಿಯಲ್ಲಿ ಒಂದೇ ಚುಕ್ಕಿ ಇಡುತ್ತದೆ. ಇಬ್ಬರೂ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾರೆ. ಹೇಳಿಕೊಟ್ಟ ನಿಯಮವೇ ಅವರಿಗೆ ಹೊಂದುವಂಥದ್ದಲ್ಲ.

ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಕೂರುತ್ತದೆ. ಯಾರು, ಯಾವಾಗ, ಎಷ್ಟು ಮಂದಿ ಎಂಬುದೆಲ್ಲ ಆ ಪದದ ತುದಿಯಲ್ಲಿ ಅಡಗಿರುತ್ತದೆ: ಬಂದೆನು, ಬಂದೆವು, ಬಂದಳು, ಬರುತ್ತಾರೆ. ಹೀಗೆ ಪ್ರತ್ಯಯ ಹೊತ್ತು ಮುಗಿದ ಪದ ಸಿಕ್ಕಿತೆಂದರೆ ಚುಕ್ಕಿಯ ಜಾಗ ಸಿಕ್ಕಂತೆಯೇ. ಉಸಿರು ಮಗುವಿನಿಂದ ಮಗುವಿಗೆ ಬೇರೆ, ಪದದ ತುದಿ ಎಲ್ಲರಿಗೂ ಒಂದೇ.

2. ‘ಬಂದನು – ಬಂದರೆ’ ಜೋಡಿ ಸಾಕು, ಆದರೆ ‘ಬಂದ’ ಎಂಬ ರೂಪ ಬೇಡ

ವ್ಯಾಕರಣದ ಪಾಠದಲ್ಲಿ ಪೂರ್ಣ ಕ್ರಿಯಾಪದ, ಅಪೂರ್ಣ ಕ್ರಿಯಾಪದ ಎಂದು ಹೇಳುತ್ತೇವೆ. ಆ ಹೆಸರುಗಳನ್ನು ಪದ್ಯಕ್ಕೆ ತಂದರೆ ಮಕ್ಕಳು ಹೆಸರನ್ನು ಕಲಿಯುತ್ತಾರೆ, ವಸ್ತುವನ್ನಲ್ಲ. ಅದರ ಬದಲು ಎರಡು ಪದಗಳನ್ನು ಎದುರುಬದುರು ನಿಲ್ಲಿಸಿದೆ. ‘ಅವನು ಬಂದನು’ ಎಂದು ಹೇಳಿ ನಾನು ಸುಮ್ಮನಾದರೆ ತರಗತಿಯೂ ಸುಮ್ಮನಿರುತ್ತದೆ. ‘ಅವನು ಬಂದರೆ’ ಎಂದು ಹೇಳಿ ಸುಮ್ಮನಾದರೆ ‘ಏನಾಗುತ್ತೆ ಸಾರ್?’ ಎಂಬ ಕೂಗು ಏಳುತ್ತದೆ. ಆ ಕೂಗೇ ಪಾಠ. ಕೂಗು ಎದ್ದ ಪದದ ಮುಂದೆ ಚುಕ್ಕಿ ಇಡಬಾರದು.

ಆಮೇಲೆ ಮಕ್ಕಳಿಂದಲೇ ಜೋಡಿ ಹೇಳಿಸುತ್ತೇನೆ: ತಿಂದಳು – ತಿಂದು, ನೋಡಿದರು – ನೋಡಿ, ಹೋಗುತ್ತೇನೆ – ಹೋಗುತ್ತ, ಬರೆದೆವು – ಬರೆದಾಗ. ಬೋರ್ಡಿನ ಎಡಗಡೆ ಮುಗಿದವು, ಬಲಗಡೆ ಮುಗಿಯದವು. ಒಂದು ಪೀರಿಯಡ್‌ನಲ್ಲಿ ಬೋರ್ಡು ತುಂಬುತ್ತದೆ.

ಪದ್ಯದಲ್ಲಿ ‘ಬಂದ’ ಎಂದು ಹಾಕದೆ ‘ಬಂದನು’ ಎಂದು ಹಾಕಿದ್ದಕ್ಕೆ ಕಾರಣವಿದೆ. ಆಡುಮಾತಿನಲ್ಲಿ ‘ರವಿ ಬಂದ’ ಎಂದರೆ ಮುಗಿದ ವಾಕ್ಯ. ಆದರೆ ‘ನಿನ್ನೆ ಬಂದ ಹುಡುಗ’ ಎಂಬಲ್ಲಿ ಅದೇ ‘ಬಂದ’ ಮುಂದಿನ ಪದಕ್ಕೆ ಅಂಟಿಕೊಂಡ ವಿಶೇಷಣ. ಪದ್ಯದಲ್ಲಿ ಆ ಪದವಿದ್ದರೆ ಮಗು ‘ನಿನ್ನೆ ಬಂದ. ಹುಡುಗ’ ಎಂದು ಕತ್ತರಿಸುತ್ತದೆ. ‘ನು’ ಸೇರಿದಾಗ ಅನುಮಾನವೇ ಉಳಿಯುವುದಿಲ್ಲ.

‘ಹೋಗಿ’ ಎಂಬುದೂ ಇಂಥ ತೊಡಕಿನ ಪದ. ‘ಸಂತೆಗೆ ಹೋಗಿ ಬಂದೆನು’ ಎಂಬಲ್ಲಿ ಅದು ಮುಗಿದಿಲ್ಲ, ‘ನೀವು ಈಗ ಹೋಗಿ’ ಎಂಬಲ್ಲಿ ಮುಗಿದಿದೆ. ಇದನ್ನು ನಿಯಮವಾಗಿ ಹೇಳಲು ಹೋಗುವುದಿಲ್ಲ. ಎರಡೂ ವಾಕ್ಯ ಬರೆದು, ಎಲ್ಲಿ ಕೂಗು ಏಳುತ್ತದೆ ನೋಡಿ ಎನ್ನುತ್ತೇನೆ. ಕ್ರಿಯಾಪದವೇ ಇಲ್ಲದ ‘ಇವಳು ನನ್ನ ತಂಗಿ’, ‘ನಮ್ಮೂರು ದೊಡ್ಡದು’ ಎಂಬ ವಾಕ್ಯಗಳಿಗೂ ಇದೇ ಪರೀಕ್ಷೆ. ಬೇಕು, ಬೇಡ, ಸಾಕು, ಇಲ್ಲ, ಅಲ್ಲ ಇವನ್ನು ಮಾತ್ರ ಎಡಗಡೆಯ ಪಟ್ಟಿಗೆ ಬೇರೆಯಾಗಿ ಸೇರಿಸಿಕೊಡಬೇಕು. ಇವು ಕ್ರಿಯಾಪದದಂತೆ ಕಾಣದಿದ್ದರೂ ವಾಕ್ಯವನ್ನು ಮುಗಿಸುತ್ತವೆ.

3. ಸಾಲು ಮುಗಿದದ್ದು ವಾಕ್ಯ ಮುಗಿದದ್ದಲ್ಲ

ನೋಟ್‌ಬುಕ್ಕಿನ ಬಲ ಅಂಚಿಗೆ ಬಂದ ಕೂಡಲೇ ಚುಕ್ಕಿ ಇಡುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಪದ್ಯದ ಮೂಲಕ ಕಲಿಸುವಾಗ ಈ ಅಭ್ಯಾಸ ಇನ್ನಷ್ಟು ಗಟ್ಟಿಯಾಗುವ ಅಪಾಯವಿದೆ, ಏಕೆಂದರೆ ಪದ್ಯದಲ್ಲಿ ಸಾಲುಗಳು ಕಣ್ಣಿಗೆ ಹೊಡೆಯುತ್ತವೆ. ಮೇಲಿನ ಪದ್ಯದಲ್ಲೇ ‘ಪುಸ್ತಕ, ಪೆನ್ಸಿಲು, ರಬ್ಬರು ಎಂದು’ ಎಂಬಲ್ಲಿ ಸಾಲು ಮುಗಿದಿದೆ, ಮಾತು ಮುಗಿದಿಲ್ಲ. ಆ ಸಾಲಿನ ತುದಿಯಲ್ಲಿ ಯಾವ ಚಿಹ್ನೆಯೂ ಇಲ್ಲ ಎಂಬುದನ್ನು ಮಕ್ಕಳೇ ಪತ್ತೆ ಮಾಡುವಂತೆ ಬಿಡುತ್ತೇನೆ. ಬಳಿಕ ಇಡೀ ಪದ್ಯವನ್ನು ಗದ್ಯದಂತೆ ಒಂದೇ ಓಟದಲ್ಲಿ, ಸಾಲು ಎಲ್ಲೆಂದರಲ್ಲಿ ಮುರಿಯುವಂತೆ ಬೋರ್ಡಿನ ಮೇಲೆ ಬರೆಯುತ್ತೇನೆ. ಆಗಲೂ ಚುಕ್ಕಿಗಳು ಮೊದಲು ಇದ್ದ ಪದಗಳ ಮುಂದೆಯೇ ಇರುತ್ತವೆ.

ಹಳೆಯ ಕಾವ್ಯ ಓದಿದ ಮನೆಯ ಮಗುವೊಂದು ಷಟ್ಪದಿಯ ಕೊನೆಗೆ ನಿಲ್ಲುವ ಎರಡು ಗೀಟುಗಳ ಬಗ್ಗೆ ಕೇಳಿತ್ತು. ಆ ದಂಡ ಪದ್ಯ ಮುಗಿಯಿತು ಎನ್ನುತ್ತದೆ, ವಾಕ್ಯ ಮುಗಿಯಿತು ಎನ್ನುವುದಿಲ್ಲ. ನಾವು ಇಂದು ಬಳಸುವ ಚುಕ್ಕಿ, ಕೊಕ್ಕೆಗಳು ಮುದ್ರಣದ ಕಾಲದಲ್ಲಿ ಕನ್ನಡದಲ್ಲಿ ನೆಲೆಯಾದವು. ಆರನೆಯ ತರಗತಿಗೆ ಇಷ್ಟು ಹೇಳಿದರೆ ಸಾಕು.

4. ಅಲ್ಪವಿರಾಮಕ್ಕೆ ಎರಡೇ ಕೆಲಸ ಕೊಡಿ

ಅಲ್ಪವಿರಾಮದ ಉಪಯೋಗಗಳನ್ನೆಲ್ಲ ಪದ್ಯಕ್ಕೆ ತುಂಬಿದರೆ ಮಕ್ಕಳು ಅದನ್ನು ಉಪ್ಪಿನಂತೆ ಎಲ್ಲೆಡೆ ಉದುರಿಸುತ್ತಾರೆ. ಆದ್ದರಿಂದ ಈ ವಯಸ್ಸಿಗೆ ಎರಡನ್ನು ಆರಿಸಿಕೊಂಡೆ: ಸಾಲಾಗಿ ಬರುವ ಹೆಸರುಗಳ ನಡುವೆ, ಮತ್ತು ಕರೆದ ಹೆಸರಿನ ಮುಂದೆ.

ಮೊದಲನೆಯದರಲ್ಲಿ ಕನ್ನಡದ್ದೇ ಆದ ಒಂದು ಅನುಕೂಲವಿದೆ. ‘ಅಕ್ಕನೂ ಅಣ್ಣನೂ ತಂಗಿಯೂ ಬಂದರು’ ಎಂದು ಬರೆದರೆ ಕೊಕ್ಕೆ ಬೇಕಿಲ್ಲ. ‘ಊ’ ಎಂಬುದೇ ಹೆಸರುಗಳನ್ನು ಬೇರ್ಪಡಿಸಿ ಜೋಡಿಸಿದೆ. ಅದನ್ನು ತೆಗೆದುಹಾಕಿದಾಗ ಖಾಲಿಯಾದ ಜಾಗಕ್ಕೆ ಕೊಕ್ಕೆ ಬರುತ್ತದೆ: ‘ಅಕ್ಕ, ಅಣ್ಣ, ತಂಗಿ ಬಂದರು’. ‘ಮತ್ತು’ ಬಂದರೆ ಅದರ ಹಿಂದೆ ಕೊಕ್ಕೆ ಬೇಡ, ಆ ಕೆಲಸವನ್ನು ‘ಮತ್ತು’ ಮಾಡುತ್ತಿದೆ. ಹೀಗೆ ಹೇಳಿದ ಮೇಲೆ ‘ಅಕ್ಕನೂ, ಅಣ್ಣನೂ, ಮತ್ತು’ ಎಂದು ಮೂರನ್ನೂ ಒಟ್ಟಿಗೆ ಹಾಕುವ ಮಕ್ಕಳು ಕಡಿಮೆಯಾದರು.

ಎರಡನೆಯದಕ್ಕೆ ಬೋರ್ಡಿನ ಮೇಲೆ ಎರಡು ವಾಕ್ಯ ಬರೆಯುತ್ತೇನೆ.

ಅಮ್ಮ, ಅಕ್ಕ ಬಂದರು.
ಅಮ್ಮ, ಅಕ್ಕ ಬಂದಳು.

ಕೊಕ್ಕೆ ಎರಡರಲ್ಲೂ ಒಂದೇ ಜಾಗದಲ್ಲಿದೆ. ಮೊದಲನೆಯದರಲ್ಲಿ ಅಮ್ಮ, ಅಕ್ಕ ಇಬ್ಬರೂ ಬಂದಿದ್ದಾರೆ. ಎರಡನೆಯದರಲ್ಲಿ ಯಾರೋ ಅಮ್ಮನನ್ನು ಕರೆದು, ಅಕ್ಕ ಬಂದಳು ಎಂದು ಹೇಳುತ್ತಿದ್ದಾರೆ. ವ್ಯತ್ಯಾಸವನ್ನು ತಿಳಿಸಿದ್ದು ‘ಬಂದರು’, ‘ಬಂದಳು’ ಎಂಬ ತುದಿಗಳು. ಮಕ್ಕಳು ಇದನ್ನು ಕಂಡುಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಾರೆ. ಅಕ್ಕನನ್ನೂ ‘ಬಂದರು’ ಎಂದು ಗೌರವದಿಂದ ಹೇಳುವ ಮನೆಯ ಮಗು ತಕರಾರು ತೆಗೆಯುತ್ತದೆ, ಆ ತಕರಾರು ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿಯೇ ಪದ್ಯದಲ್ಲಿ ‘ಅಮ್ಮ’ ಎನ್ನದೆ ‘ಅಮ್ಮಾ’ ಎಂದು ಬರೆದಿದೆ. ಕರೆಯುವಾಗ ಕೊನೆಯ ಸ್ವರ ಎಳೆಯುತ್ತೇವೆ, ಸಂಬೋಧನೆಯ ಗುರುತೇ ಅದು. ‘ಅಮ್ಮಾ, ಅಕ್ಕ ಬಂದರು’ ಎಂದು ದೀರ್ಘ ಕೊಟ್ಟು ಕೊಕ್ಕೆ ಹಾಕಿದರೆ ಯಾರಿಗೂ ಗೊಂದಲವಿಲ್ಲ.

‘ಎದ್ದು, ಸ್ನಾನ ಮಾಡಿ, ತಿಂಡಿ ತಿಂದು ಶಾಲೆಗೆ ಬಂದೆನು’ ಎಂಬಂಥ ವಾಕ್ಯದಲ್ಲಿ ಕೊಕ್ಕೆ ಹಾಕಿದರೂ ಸರಿ, ಬಿಟ್ಟರೂ ಓದಲು ತೊಂದರೆಯಿಲ್ಲ. ಹಾಕಿದವರ ಅಂಕ ಕಳೆಯುವುದಿಲ್ಲ, ಬಿಟ್ಟವರದ್ದೂ ಕಳೆಯುವುದಿಲ್ಲ.

5. ಪ್ರಶ್ನೆಯ ಪದಗಳ ಗಣವನ್ನು ಕೈಬಡಿದು ಕೇಳಿಸಿ

ಈ ಪದ್ಯದಲ್ಲಿ ನನಗೆ ಅತ್ಯಂತ ಹೆಚ್ಚು ಕಲಿಸಿದ್ದು ಮೂರನೆಯ ಭಾಗ. ಮಕ್ಕಳು ಪ್ರಶ್ನೆಯಲ್ಲದ ವಾಕ್ಯಕ್ಕೂ ಪ್ರಶ್ನೆ ಚಿಹ್ನೆ ಹಾಕುವುದು ಎಲ್ಲಿ ಎಂದು ನೋಟ್‌ಬುಕ್ಕುಗಳಲ್ಲಿ ಹುಡುಕಿದರೆ ಒಂದೇ ಜಾಗ ಸಿಗುತ್ತದೆ: ‘ಯಾರೋ ಬಾಗಿಲು ಬಡಿದರು?’, ‘ಪೆನ್ನು ಎಲ್ಲೋ ಬಿತ್ತು?’, ‘ಮನೆಯಲ್ಲಿ ಯಾರೂ ಇರಲಿಲ್ಲ?’ ಮಗು ‘ಯಾರು’, ‘ಎಲ್ಲಿ’ ಎಂಬ ಮುಖವನ್ನು ನೋಡಿದೆ, ಬಾಲವನ್ನು ನೋಡಿಲ್ಲ.

ಮಾತ್ರೆ ಎಣಿಸಿ ನೋಡಿ. ಯಾರು, ಏನು, ಎಲ್ಲಿ, ಯಾಕೆ, ಎಷ್ಟು, ಹೇಗೆ – ಈ ಆರೂ ಪದಗಳಲ್ಲಿ ಮೊದಲಕ್ಷರ ಗುರು, ಎರಡನೆಯದು ಲಘು. ಪ್ರತಿಯೊಂದಕ್ಕೂ ಮೂರು ಮಾತ್ರೆ. ಕೊನೆಯ ಸ್ವರ ‘ಓ’ ಆಯಿತೆಂದರೆ ಎರಡನೆಯ ಅಕ್ಷರವೂ ಗುರು: ಯಾರೋ, ಏನೋ, ಎಲ್ಲೋ, ಯಾಕೋ, ಎಷ್ಟೋ, ಹೇಗೋ – ಎಲ್ಲಕ್ಕೂ ನಾಲ್ಕು ಮಾತ್ರೆ. ‘ಯಾರೂ’, ‘ಏನೂ’, ‘ಎಲ್ಲೂ’ ಎಂಬುವಕ್ಕೂ ನಾಲ್ಕೇ. ಅಂದರೆ ಪ್ರಶ್ನೆ ಕೇಳುವ ಪದ ಮೂರರ ನಡೆಯಲ್ಲಿದೆ, ಪ್ರಶ್ನೆಯ ವೇಷ ತೊಟ್ಟ ಪದ ನಾಲ್ಕರ ನಡೆಯಲ್ಲಿದೆ.

ಆದ್ದರಿಂದ ಪದ್ಯದ ಮೊದಲ ಎಂಟು ಸಾಲುಗಳು ನಾಲ್ಕು ಮಾತ್ರೆಯ ಗಣದಲ್ಲಿ ಸಾಗುತ್ತವೆ. ‘ಯಾರು, ಏನು’ ಬಂದ ಕೂಡಲೇ ನಡೆ ಮೂರಕ್ಕೆ ಇಳಿಯುತ್ತದೆ. ‘ಯಾರೋ, ಏನೋ’ ಬಂದಾಗ ಮತ್ತೆ ನಾಲ್ಕಕ್ಕೆ, ಅಂದರೆ ಚುಕ್ಕಿಯ ಸಾಲುಗಳ ನಡೆಗೇ ಹಿಂತಿರುಗುತ್ತದೆ. ಗಣದ ಮೊದಲಿಗೊಂದು ಚಪ್ಪಾಳೆಯಂತೆ ತಟ್ಟುತ್ತ ಹೇಳಿಸಿದರೆ ಮಕ್ಕಳ ಕೈ ಈ ಬದಲಾವಣೆಯನ್ನು ತಾನಾಗಿ ಹಿಡಿಯುತ್ತದೆ. ನಲಿಕಲಿಯ ತರಗತಿಗಳಲ್ಲಿ ಹಾಡಿ ಕುಣಿದು ಬಂದ ಮಕ್ಕಳಿಗೆ ತಾಳ ಹೊಸದೇನಲ್ಲ. ಛಂದಸ್ಸಿನ ಹೆಸರುಗಳನ್ನು ನಾನು ಹೇಳುವುದಿಲ್ಲ, ಪ್ರೌಢಶಾಲೆಗೆ ಹೋದಾಗ ಅವು ಬರುತ್ತವೆ. ‘ಯಾವಾಗ’ ಎಂಬ ಪದಕ್ಕೆ ಐದು ಮಾತ್ರೆ, ಅದು ಈ ನಡೆಗೆ ಕೂರುವುದಿಲ್ಲ. ಅದನ್ನು ಪದ್ಯದ ಹೊರಗಿಟ್ಟು ಬೋರ್ಡಿನ ಪಟ್ಟಿಯಲ್ಲಿ ಸೇರಿಸಿದ್ದೇನೆ.

ಇಷ್ಟಾದ ಮೇಲೂ ಒಂದು ಬಗೆಯ ತಪ್ಪು ಉಳಿಯುತ್ತದೆ. ‘ಅಜ್ಜ ಎಲ್ಲಿಗೆ ಹೋದರು ಎಂದು ಅಮ್ಮ ಕೇಳಿದಳು.’ ಇಲ್ಲಿ ‘ಎಲ್ಲಿಗೆ’ ಇದೆ, ‘ಕೇಳಿದಳು’ ಎಂದೂ ಇದೆ. ಮಗುವಿನ ಕೈ ಪ್ರಶ್ನೆ ಚಿಹ್ನೆಯತ್ತ ಹೋಗುವುದು ಸಹಜ. ಇದಕ್ಕಾಗಿಯೇ ಪದ್ಯದಲ್ಲಿ ‘ಕೇಳಿದಾಗ’ ಎಂಬುದಕ್ಕೆ ಎದುರಾಗಿ ‘ಹೇಳಿದ ಮಾತಿಗೆ’ ಎಂದು ಇಟ್ಟೆ. ವಾಕ್ಯ ಓದಿ ‘ನನ್ನನ್ನು ಕೇಳಿದ್ದೋ, ನನಗೆ ಹೇಳಿದ್ದೋ?’ ಎನ್ನುತ್ತೇನೆ. ಅಮ್ಮ ಕೇಳಿದ್ದನ್ನು ನಮಗೆ ಹೇಳಿದ್ದು, ನಾವು ಉತ್ತರ ಕೊಡಬೇಕಿಲ್ಲ. ಹಾಗಾಗಿ ಚುಕ್ಕಿ. ‘ಎಷ್ಟು ಚೆನ್ನಾಗಿದೆ!’ ಎಂಬುದೂ ಹೇಳಿದ್ದೇ, ಅದಕ್ಕೆ ಭಾವಸೂಚಕ ಚಿಹ್ನೆ ಎಂದು ಅಲ್ಲಿಗೇ ಮುಗಿಸುತ್ತೇನೆ.

6. ಪದ್ಯದಲ್ಲಿ ಹಿಡಿಯದ್ದನ್ನು ಹೊರಗೇ ಬಿಡಿ

‘ಊಟ ಆಯಿತಾ?’, ‘ನೀನು ಬರುವೆಯಾ?’, ‘ಇದು ನಿನ್ನದೇ?’ – ಪ್ರಶ್ನೆಯ ಪದವೇ ಇಲ್ಲದೆ ‘ಆ’, ‘ಏ’ ಸೇರಿಸಿ ಕೇಳುವ ಪ್ರಶ್ನೆಗಳು ಆಡುಮಾತಿನಲ್ಲಿ ಧಾರಾಳವಾಗಿವೆ. ಇವನ್ನು ಪದ್ಯಕ್ಕೆ ತರಲಿಲ್ಲ. ‘ಏ’ ಬಂದರೆ ಪ್ರಶ್ನೆ ಎಂದು ಹಾಡಿಸಿದರೆ ‘ಅವನೇ ಬಂದನು’ ಎಂಬ ಒತ್ತಿನ ‘ಏ’ ಕೂಡ ಪ್ರಶ್ನೆಯಾಗಿಬಿಡುತ್ತದೆ. ಇಲ್ಲೂ ‘ಕೇಳಿದ್ದೋ, ಹೇಳಿದ್ದೋ’ ಎಂಬ ಪರೀಕ್ಷೆ ಸಾಕಾಗುತ್ತದೆ. ‘ಡಾ.’, ‘ಕಿ.ಮೀ.’ ಇವುಗಳ ಚುಕ್ಕಿಗೂ ವಾಕ್ಯಕ್ಕೂ ಸಂಬಂಧವಿಲ್ಲ ಎಂದು ಅವು ಪಾಠದಲ್ಲಿ ಬಂದ ದಿನ ಹೇಳಿದರಾಯಿತು.

7. ಪದ್ಯ ಬಾಯಿಗೆ ಬಂದ ಮೇಲೆ ಚಿಹ್ನೆಯಿಲ್ಲದ ಒಂದು ಪುಟ ಕೊಡಿ

ಪದ್ಯ ಪೂರ್ತಿ ಬಾಯಿಪಾಠವಾಗಿದ್ದರೂ ಬರವಣಿಗೆಯಲ್ಲಿ ಚುಕ್ಕಿ ಬಾರದ ಮಕ್ಕಳಿರುತ್ತಾರೆ. ಅವರಿಗೆ ಪದ್ಯವನ್ನು ಇನ್ನಷ್ಟು ಹಾಡಿಸಿ ಪ್ರಯೋಜನವಿಲ್ಲ. ಚಿಹ್ನೆಗಳನ್ನೆಲ್ಲ ತೆಗೆದ ಒಂದು ಪರಿಚ್ಛೇದ ಕೊಟ್ಟು, ಬೆರಳಿಟ್ಟು ಕೆಲಸ ಮಾಡಿಸಬೇಕು. ನಾನು ಕೊಡುವ ಒಂದು ಪರಿಚ್ಛೇದ ಹೀಗಿದೆ:

ನಿನ್ನೆ ನಮ್ಮ ಊರಲ್ಲಿ ಸಂತೆ ಇತ್ತು ಅಜ್ಜ ನಾನು ಮತ್ತು ತಂಗಿ ಹೋದೆವು ಅಜ್ಜಿ ಏನೋ ತರಲು ಹೇಳಿದ್ದರು ಏನು ಎಂದು ನನಗೆ ಮರೆತುಹೋಗಿತ್ತು ಅಜ್ಜಾ ಅಜ್ಜಿ ಏನು ಹೇಳಿದ್ದರು ಎಂದು ಕೇಳಿದೆ ಅಜ್ಜನಿಗೂ ನೆನಪಿರಲಿಲ್ಲ ಬೆಲ್ಲ ಕಡಲೆ ಬಾಳೆಹಣ್ಣು ತೆಗೆದುಕೊಂಡು ಮನೆಗೆ ಬಂದು ನೋಡಿದರೆ ಅಜ್ಜಿ ಹೇಳಿದ್ದು ವೀಳ್ಯದೆಲೆ

ಮೊದಲ ಸುತ್ತು ಚುಕ್ಕಿಗೆ ಮಾತ್ರ. ಮುಗಿದ ಪದ ಸಿಕ್ಕಲ್ಲಿ ಬೆರಳು ನಿಲ್ಲಬೇಕು: ಇತ್ತು, ಹೋದೆವು, ಹೇಳಿದ್ದರು, ಮರೆತುಹೋಗಿತ್ತು, ಕೇಳಿದೆ, ನೆನಪಿರಲಿಲ್ಲ. ‘ತೆಗೆದುಕೊಂಡು’, ‘ಬಂದು’, ‘ನೋಡಿದರೆ’ ಮೂರೂ ‘ಬಂದರೆ’ಯ ಕಡೆಯವು, ಬೆರಳು ದಾಟಿಹೋಗುತ್ತದೆ. ಕೊನೆಯ ‘ವೀಳ್ಯದೆಲೆ’ ಕ್ರಿಯಾಪದವಲ್ಲ, ಆದರೂ ಅಲ್ಲಿ ಯಾರೂ ‘ಏನಾಗುತ್ತೆ ಸಾರ್?’ ಎಂದು ಕೂಗುವುದಿಲ್ಲ, ಆದ್ದರಿಂದ ಚುಕ್ಕಿ. ‘ಅಜ್ಜಿ ಏನು ಹೇಳಿದ್ದರು’ ಎಂಬಲ್ಲಿಯೂ ಬೆರಳು ನಿಂತಿರುತ್ತದೆ, ಅದನ್ನು ಹಾಗೇ ಬಿಟ್ಟಿರುತ್ತೇವೆ.

ಎರಡನೆಯ ಸುತ್ತು ಪ್ರಶ್ನೆಗೆ. ‘ಏನೋ’ ನಾಲ್ಕು ಮಾತ್ರೆಯದು, ಹೇಳಿದ್ದು. ‘ಏನು ಎಂದು ನನಗೆ ಮರೆತುಹೋಗಿತ್ತು’ ಎಂಬಲ್ಲಿ ಮೂರು ಮಾತ್ರೆಯ ‘ಏನು’ ಇದ್ದರೂ ಮಾತು ಮುಗಿದದ್ದು ‘ಮರೆತುಹೋಗಿತ್ತು’ ಎಂದು, ಅದೂ ಹೇಳಿದ್ದೇ. ಅಜ್ಜನಿಗೆ ಮೊಮ್ಮಗು ಹಾಕಿದ ಪ್ರಶ್ನೆಯೊಂದೇ ನಿಜವಾಗಿ ಕೇಳಿದ್ದು. ಇಡೀ ಪರಿಚ್ಛೇದದಲ್ಲಿ ಪ್ರಶ್ನೆ ಚಿಹ್ನೆ ಒಂದೇ.

ಮೂರನೆಯ ಸುತ್ತು ಕೊಕ್ಕೆಗೆ. ‘ಅಜ್ಜ, ನಾನು ಮತ್ತು ತಂಗಿ’ ಎಂಬಲ್ಲಿ ಒಂದು, ‘ಅಜ್ಜಾ’ ಎಂದು ಕರೆದಲ್ಲಿ ಒಂದು, ಬೆಲ್ಲ – ಕಡಲೆ – ಬಾಳೆಹಣ್ಣುಗಳ ನಡುವೆ ಎರಡು. ಆ ದೀರ್ಘವನ್ನು ತೆಗೆದು ‘ಅಜ್ಜ ಅಜ್ಜಿ ಏನು ಹೇಳಿದ್ದರು’ ಎಂದು ಬರೆದು ತೋರಿಸುತ್ತೇನೆ. ಆಗ ಅಜ್ಜ ಅಜ್ಜಿ ಇಬ್ಬರೂ ಸೇರಿ ಹೇಳಿದ್ದರೋ ಎಂಬ ಅನುಮಾನ ಹುಟ್ಟುತ್ತದೆ. ‘ಹೇಳಿದ್ದರು’ ಎಂಬುದು ಗೌರವಕ್ಕೂ ಬರುತ್ತದೆ, ಬಹುವಚನಕ್ಕೂ ಬರುತ್ತದೆ, ಅದು ಇಲ್ಲಿ ನೆರವಾಗುವುದಿಲ್ಲ. ಉದ್ಧರಣ ಚಿಹ್ನೆಯನ್ನು ಈ ಹಂತದಲ್ಲಿ ನಾನೇ ಹಾಕಿಕೊಡುತ್ತೇನೆ. ಮುಗಿದಾಗ ಪುಟ ಹೀಗೆ ನಿಲ್ಲುತ್ತದೆ:

ನಿನ್ನೆ ನಮ್ಮ ಊರಲ್ಲಿ ಸಂತೆ ಇತ್ತು. ಅಜ್ಜ, ನಾನು ಮತ್ತು ತಂಗಿ ಹೋದೆವು. ಅಜ್ಜಿ ಏನೋ ತರಲು ಹೇಳಿದ್ದರು. ಏನು ಎಂದು ನನಗೆ ಮರೆತುಹೋಗಿತ್ತು. “ಅಜ್ಜಾ, ಅಜ್ಜಿ ಏನು ಹೇಳಿದ್ದರು?” ಎಂದು ಕೇಳಿದೆ. ಅಜ್ಜನಿಗೂ ನೆನಪಿರಲಿಲ್ಲ. ಬೆಲ್ಲ, ಕಡಲೆ, ಬಾಳೆಹಣ್ಣು ತೆಗೆದುಕೊಂಡು ಮನೆಗೆ ಬಂದು ನೋಡಿದರೆ ಅಜ್ಜಿ ಹೇಳಿದ್ದು ವೀಳ್ಯದೆಲೆ.

ಮೂರು ಚಿಹ್ನೆಗಳನ್ನೂ ಒಂದೇ ಸುತ್ತಿನಲ್ಲಿ ಹಾಕಿ ಎಂದರೆ ಮಕ್ಕಳು ಅಂದಾಜಿನ ಮೇಲೆ ಹಾಕುತ್ತಾರೆ. ಸುತ್ತು ಬೇರೆ ಮಾಡಿದರೆ ಪ್ರತಿ ಸುತ್ತಿನಲ್ಲಿ ಪದ್ಯದ ಯಾವ ಸಾಲು ನೆನಪಿಗೆ ಬರಬೇಕು ಎಂಬುದು ಅವರಿಗೇ ಗೊತ್ತಿರುತ್ತದೆ. ಉಕ್ತಲೇಖನದಲ್ಲೂ ‘ಕಾಮಾ’, ‘ಫುಲ್‌ಸ್ಟಾಪ್’ ಎಂದು ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಬೇಕು. ಹೇಳಿ ಬರೆಸಿದರೆ ಮಗುವಿನ ಕಿವಿಗೆ ಕೆಲಸ ಸಿಗುತ್ತದೆ, ತೀರ್ಮಾನಕ್ಕೆ ಅವಕಾಶ ಸಿಗುವುದಿಲ್ಲ.

ಈ ಪದ್ಯವನ್ನು ತಮ್ಮ ತರಗತಿಗೆ ಒಯ್ಯುವ ಶಿಕ್ಷಕರು ಪುಸ್ತಕ, ಪೆನ್ಸಿಲು, ರಬ್ಬರುಗಳ ಜಾಗಕ್ಕೆ ತಮ್ಮ ಊರಿನ ಬೆಳೆಯನ್ನೋ ಹಣ್ಣನ್ನೋ ತಂದುಕೊಳ್ಳಿ, ಪದಕ್ಕೆ ನಾಲ್ಕು ಮಾತ್ರೆ ಇದ್ದರಾಯಿತು. ‘ಯಾರು’, ‘ಯಾರೋ’ ಸಾಲುಗಳನ್ನು ಮಾತ್ರ ಒಂದೇ ನಡೆಗೆ ಎಳೆಯಬೇಡಿ.